ತದಿಗೆ ಎಲ್ಲಿ ಹೋಯಿತು? ಒಂದು ನಿಮಿಷದ ಪಂಚಾಂಗ ಶ್ರವಣದ ಲೆಕ್ಕಾಚಾರ

2025ರ ಮಾರ್ಚ್ 31, ಸೋಮವಾರ. ಬೆಂಗಳೂರಿನಲ್ಲಿ ಸೂರ್ಯ ಹುಟ್ಟಿದಾಗ ಚೈತ್ರ ಶುದ್ಧ ಬಿದಿಗೆ. ಮರುದಿನ, ಏಪ್ರಿಲ್ 1ರ ಮಂಗಳವಾರ ಸೂರ್ಯ ಹುಟ್ಟುವ ಹೊತ್ತಿಗೆ ಚೌತಿ. ನಡುವಿನ ತದಿಗೆ ಯಾವ ಸೂರ್ಯೋದಯಕ್ಕೂ ಸಿಗಲಿಲ್ಲ. ‘ಇಂದಿನ ತಿಥಿ’ ಎಂದು ದಿನಕ್ಕೊಂದೇ ಹೆಸರು ಹೇಳಿ ಮುಗಿಸುವ ಕಿರು ವಿಡಿಯೊಗಳಲ್ಲಿ ಆ ವರ್ಷದ ಚೈತ್ರ ಶುದ್ಧ ತದಿಗೆ ಬರುವುದೇ ಇಲ್ಲ. ಆದರೆ ಚೈತ್ರ ಗೌರಿಯನ್ನು ಕೂರಿಸುವ ಮನೆಗಳಿಗೆ ಬೇಕಾಗಿದ್ದದ್ದು ಅದೇ ತಿಥಿ.

ಬೆಳಗ್ಗೆ ಕಾಫಿ ಕುಡಿಯುತ್ತ ಮೊಬೈಲಿನಲ್ಲಿ ನಿತ್ಯ ಪಂಚಾಂಗ ಕೇಳುವುದು ಈಗ ಕನ್ನಡದ ಎಷ್ಟೋ ಮನೆಗಳ ರೂಢಿ. ಹಿಂದೆ ಪುರೋಹಿತರು, ಆಮೇಲೆ ಗೋಡೆಯ ಕ್ಯಾಲೆಂಡರು ಮತ್ತು ಬೆಳಗಿನ ಟಿ.ವಿ. ಕಾರ್ಯಕ್ರಮ ಮಾಡುತ್ತಿದ್ದ ಕೆಲಸವನ್ನು ಒಂದು ನಿಮಿಷದ ವಿಡಿಯೊ ವಹಿಸಿಕೊಂಡಿದೆ. ಆತುರವಿಲ್ಲದೆ ಓದಿದರೆ ಒಂದು ನಿಮಿಷಕ್ಕೆ ಕನ್ನಡದ ನೂರರ ಆಸುಪಾಸು ಪದಗಳು ಹಿಡಿಸುತ್ತವೆ. ಅಷ್ಟರಲ್ಲಿ ಸಂವತ್ಸರ, ಮಾಸ, ತಿಥಿ, ನಕ್ಷತ್ರ, ರಾಹುಕಾಲ, ಒಳ್ಳೆಯ ವೇಳೆ ಎಲ್ಲವೂ ಬರಬೇಕು. ಹೀಗೆ ಇಕ್ಕಟ್ಟಾದಾಗ ಮೊದಲು ಬಿದ್ದುಹೋಗುವುದು ‘ಎಲ್ಲಿಯವರೆಗೆ’ ಮತ್ತು ‘ಯಾವ ಊರಿಗೆ’ ಎಂಬ ಎರಡು ಮಾತು. ಪಂಚಾಂಗದ ನಿಖರತೆ ನಿಂತಿರುವುದೇ ಈ ಎರಡರ ಮೇಲೆ.

ತಿಥಿಗೂ ಗಡಿಯಾರದ ದಿನಕ್ಕೂ ಸಂಬಂಧವಿಲ್ಲ. ಅಮಾವಾಸ್ಯೆ ಮುಗಿಯುವ ಕ್ಷಣದಲ್ಲಿ ಸೂರ್ಯ, ಚಂದ್ರ ಒಂದೇ ರೇಖಾಂಶದಲ್ಲಿರುತ್ತಾರೆ. ಅಲ್ಲಿಂದ ಚಂದ್ರ ಮುಂದಕ್ಕೆ ಸರಿಯುತ್ತ ಸೂರ್ಯನಿಂದ 12 ಡಿಗ್ರಿ ದೂರವಾದರೆ ಪಾಡ್ಯ ಮುಗಿಯಿತು, 24 ಡಿಗ್ರಿಗೆ ಬಿದಿಗೆ, 36ಕ್ಕೆ ತದಿಗೆ. ಹೀಗೆ 360 ಡಿಗ್ರಿಯ ಒಂದು ಸುತ್ತಿಗೆ 30 ತಿಥಿ. ಚಂದ್ರ ಒಂದೇ ವೇಗದಲ್ಲಿ ನಡೆಯುವವನಾಗಿದ್ದರೆ ಪ್ರತಿ ತಿಥಿಯೂ 23 ಗಂಟೆ 37 ನಿಮಿಷ ಇರುತ್ತಿತ್ತು. ಅವನ ದಾರಿ ದೀರ್ಘವೃತ್ತವಾದ್ದರಿಂದ ಭೂಮಿಗೆ ಹತ್ತಿರವಿದ್ದಾಗ ವೇಗ ಹೆಚ್ಚು, ದೂರವಿದ್ದಾಗ ಕಡಿಮೆ. ಅದಕ್ಕೆ ತಿಥಿಯೂ ಹೆಚ್ಚುಕಡಿಮೆ 20 ಗಂಟೆಯಿಂದ 26 ಮುಕ್ಕಾಲು ಗಂಟೆಯವರೆಗೆ ಹಿಗ್ಗುತ್ತದೆ, ಕುಗ್ಗುತ್ತದೆ.

2025ರ ಯುಗಾದಿಯಲ್ಲಿ ಆದದ್ದೂ ಇದೇ. ದೃಗ್ಗಣಿತದ ಪ್ರಕಾರ ಮಾರ್ಚ್ 29ರ ಸಂಜೆ 4:27ಕ್ಕೆ ಅಮಾವಾಸ್ಯೆ ಮುಗಿದು ಪಾಡ್ಯ ಶುರುವಾಯಿತು. ಮರುದಿನ, ಅಂದರೆ ಯುಗಾದಿಯ ಭಾನುವಾರ, ಚಂದ್ರ ಭೂಮಿಗೆ ಅತಿ ಹತ್ತಿರ, ಸುಮಾರು 3,58,000 ಕಿಲೋಮೀಟರ್ ದೂರದಲ್ಲಿದ್ದ. ಅವನ ಸರಾಸರಿ ದೂರ 3,84,400 ಕಿಲೋಮೀಟರ್. ಓಟ ಜೋರಾಗಿದ್ದರಿಂದ ಪಾಡ್ಯ 20 ಗಂಟೆ 22 ನಿಮಿಷದಲ್ಲಿ, ಭಾನುವಾರ ಮಧ್ಯಾಹ್ನ 12:49ಕ್ಕೆ ಮುಗಿಯಿತು. ಬಿದಿಗೆಯದ್ದೂ ಅಷ್ಟೇ ಅವಧಿ. ಸೋಮವಾರ ಬೆಳಗ್ಗೆ 9:11ಕ್ಕೆ ಸರಿ. ಅಲ್ಲಿಂದ ತದಿಗೆ ಶುರುವಾಗಿ ಮಂಗಳವಾರ ಬೆಳಗಿನ ಜಾವ 5:42ಕ್ಕೆ ಮುಗಿಯಿತು. ಬೆಂಗಳೂರಿನಲ್ಲಿ ಅಂದು ಸೂರ್ಯೋದಯ 6:15ರ ಸುಮಾರಿಗೆ. ಸೋಮವಾರದ ಸೂರ್ಯೋದಯ ಕಳೆದ ಮೇಲೆ ಬಂದು, ಮಂಗಳವಾರದ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಹೊರಟುಹೋದ ಈ ತದಿಗೆಯನ್ನು ಪಂಚಾಂಗದವರು ಕ್ಷಯ ತಿಥಿ ಎನ್ನುತ್ತಾರೆ. ಇದಕ್ಕೆ ವಿರುದ್ಧವಾಗಿ ಉದ್ದನೆಯ ತಿಥಿಯೊಂದು ಎರಡು ಸೂರ್ಯೋದಯಗಳನ್ನು ಮುಟ್ಟಿದರೆ ಅದು ವೃದ್ಧಿ ತಿಥಿ; ಆಗ ಎರಡು ದಿನವೂ ಒಂದೇ ಹೆಸರು.

ಆದ್ದರಿಂದ ಸ್ಕ್ರಿಪ್ಟಿನಲ್ಲಿ ‘ಇಂದು ಬಿದಿಗೆ’ ಎಂದು ಬರೆದರೆ ಸುಳ್ಳಲ್ಲ, ಆದರೆ ಅರ್ಧ ಸತ್ಯ. ಆ ಸೋಮವಾರ ಬಿದಿಗೆ ಇದ್ದದ್ದು ಸೂರ್ಯೋದಯದಿಂದ ಮೂರು ಗಂಟೆಯೂ ಇಲ್ಲ. ‘ಬಿದಿಗೆ ಬೆಳಗ್ಗೆ 9 ಗಂಟೆ 11 ನಿಮಿಷದವರೆಗೆ, ಆಮೇಲೆ ತದಿಗೆ, ನಾಳೆ ಬೆಳಗಿನ ಜಾವ 5 ಗಂಟೆ 42 ನಿಮಿಷದವರೆಗೆ’ ಎಂದರೆ ಮಾತ್ರ ಪೂರ್ತಿ. ಇದಕ್ಕೆ ಹಿಡಿಯುವುದು ಕೆಲವೇ ಸೆಕೆಂಡು. ಕ್ಷಯ ತಿಥಿಯ ದಿನ ಮೂರು ತಿಥಿಗಳ ಹೆಸರನ್ನೂ ಹೇಳಬೇಕಾಗುತ್ತದೆ ಎಂಬುದನ್ನು ತಿಂಗಳ ಸ್ಕ್ರಿಪ್ಟ್ ಒಟ್ಟಿಗೆ ಬರೆದಿಡುವವರು ಮೊದಲೇ ಗುರುತು ಹಾಕಿಕೊಂಡರೆ ಒಳ್ಳೆಯದು.

ಇನ್ನು ಊರಿನ ಮಾತು. ಅದೇ ಏಪ್ರಿಲ್ 1ರಂದು ಕೋಲ್ಕತ್ತದಲ್ಲಿ ಸೂರ್ಯ ಹುಟ್ಟಿದ್ದು ಸುಮಾರು ಐದೂವರೆಗೆ, ತದಿಗೆ ಮುಗಿಯುವುದಕ್ಕೆ ಹನ್ನೆರಡು ನಿಮಿಷ ಮೊದಲು. ಅಲ್ಲಿಯವರಿಗೆ ಮಂಗಳವಾರದ ಉದಯ ತಿಥಿ ತದಿಗೆಯೇ. ಚೌತಿ 5:42ಕ್ಕೆ ಶುರುವಾಗಿ ಅಂದೇ ನಡುರಾತ್ರಿ ಕಳೆದು 2:32ಕ್ಕೆ ಮುಗಿದದ್ದರಿಂದ ಕೋಲ್ಕತ್ತದಲ್ಲಿ ಕ್ಷಯವಾದದ್ದು ಚೌತಿ! ಒಂದೇ ದೇಶ, ಒಂದೇ ಗಡಿಯಾರ, ಒಂದೇ ಚಂದ್ರ. ಬೆಂಗಳೂರಿನಲ್ಲಿ ತದಿಗೆ ಲೋಪ, ಕೋಲ್ಕತ್ತದಲ್ಲಿ ಚೌತಿ ಲೋಪ. ಎರಡೂ ಸರಿ. ಕೋಲ್ಕತ್ತದ ಪಂಚಾಂಗ ನೋಡಿ ಮೈಸೂರಿನವರಿಗೆ ಓದಿದರೆ ಮಾತ್ರ ತಪ್ಪು.

ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆ ಈ ವ್ಯತ್ಯಾಸ ಒಂದು ಇಡೀ ಹಬ್ಬದ ದಿನವನ್ನೇ ಬದಲಿಸುತ್ತದೆ. ಭಾರತದಲ್ಲಿ ಶನಿವಾರ ಸಂಜೆ 4:27 ಆದ ಕ್ಷಣ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅದೇ ಶನಿವಾರ ಬೆಳಗಿನ ಜಾವ 3:57. ಅಲ್ಲಿ ಏಳು ಗಂಟೆಯ ಸುಮಾರಿಗೆ ಸೂರ್ಯ ಹುಟ್ಟಿದಾಗ ಪಾಡ್ಯ ಆಗಲೇ ಬಂದಾಗಿತ್ತು. ಭಾನುವಾರದ ಸೂರ್ಯೋದಯಕ್ಕೆ ಬಿದಿಗೆ. ಉದಯ ತಿಥಿಯ ಲೆಕ್ಕದಲ್ಲಿ ಅಲ್ಲಿಯ ಯುಗಾದಿ ಮಾರ್ಚ್ 29ರ ಶನಿವಾರ, ಇಲ್ಲಿಯದ್ದು 30ರ ಭಾನುವಾರ. ಬೆಂಗಳೂರಿನ ವಿಡಿಯೊ ನೋಡಿ ಅಲ್ಲಿ ಬೇವು ಬೆಲ್ಲ ಹಂಚಿದವರು ಲೆಕ್ಕದ ಪ್ರಕಾರ ಒಂದು ದಿನ ತಡ.

ಇದನ್ನು ಅರ್ಥ ಮಾಡಿಕೊಳ್ಳುವ ಕೀಲಿಕೈ ಒಂದೇ. ಪಂಚಾಂಗದ ಸಮಯಗಳಲ್ಲಿ ಎರಡು ಜಾತಿ. ತಿಥಿ, ನಕ್ಷತ್ರ, ಯೋಗ, ಕರಣಗಳು ಆಕಾಶದ ಘಟನೆಗಳು. ಅವು ಮುಗಿಯುವ ಕ್ಷಣ ಇಡೀ ಜಗತ್ತಿಗೆ ಒಂದೇ, ಭಾರತದ ಒಳಗೆ ಗಡಿಯಾರದ ಅಂಕಿಯೂ ಒಂದೇ. ಸೂರ್ಯೋದಯ, ಸೂರ್ಯಾಸ್ತ, ಅವುಗಳಿಂದ ಹುಟ್ಟುವ ರಾಹುಕಾಲ, ಯಮಗಂಡ, ಗುಳಿಕ, ಅಭಿಜಿನ್ ಮುಹೂರ್ತ ಇವು ನಾವು ನಿಂತ ನೆಲಕ್ಕೆ ಸೇರಿದವು. ಊರಿಂದ ಊರಿಗೆ ಬದಲಾಗುತ್ತವೆ. ಮೊದಲ ಜಾತಿಗೆ ‘ಎಲ್ಲಿಯವರೆಗೆ’ ಬೇಕು, ಎರಡನೆಯದಕ್ಕೆ ‘ಯಾವ ಊರಿಗೆ’ ಬೇಕು.

ಎರಡನೆಯ ಜಾತಿಯಲ್ಲಿ ಜನ ಹೆಚ್ಚು ಕೇಳುವುದು ರಾಹುಕಾಲವನ್ನು. ಸೋಮವಾರ ಏಳೂವರೆಯಿಂದ ಒಂಬತ್ತು, ಭಾನುವಾರ ನಾಲ್ಕೂವರೆಯಿಂದ ಆರು ಎಂಬ ಪಟ್ಟಿ ಎಷ್ಟೋ ಜನಕ್ಕೆ ಬಾಯಿಪಾಠ. ಈ ಪಟ್ಟಿ ನಿಂತಿರುವುದು ಆರಕ್ಕೆ ಸರಿಯಾಗಿ ಸೂರ್ಯ ಹುಟ್ಟಿ ಆರಕ್ಕೇ ಮುಳುಗುತ್ತಾನೆ ಎಂಬ ಊಹೆಯ ಮೇಲೆ. ನಿಜವಾದ ವಿಧಿ ಬೇರೆ: ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಸಮ ಪಾಲು ಮಾಡಬೇಕು. ಸೋಮವಾರ ಎರಡನೆಯ ಪಾಲು, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕು, ಬುಧವಾರ ಐದು, ಗುರುವಾರ ಆರು, ಮಂಗಳವಾರ ಏಳು, ಭಾನುವಾರ ಎಂಟು.

ಯುಗಾದಿಯ ಭಾನುವಾರಕ್ಕೇ ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 6:17, ಸೂರ್ಯಾಸ್ತ 6:31. ಹಗಲು 12 ಗಂಟೆ 14 ನಿಮಿಷ, ಅಂದರೆ 734 ನಿಮಿಷ. ಎಂಟರಿಂದ ಭಾಗಿಸಿದರೆ ಒಂದು ಪಾಲು ಹತ್ತಿರ ಹತ್ತಿರ 92 ನಿಮಿಷ. ಕೊನೆಯ ಪಾಲು ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿದರೆ 4:59ಕ್ಕೆ ಶುರು, 6:31ಕ್ಕೆ ಅಂತ್ಯ. ಬಾಯಿಪಾಠದ ಪಟ್ಟಿ ನಂಬಿದವರು ನಾಲ್ಕೂವರೆಯಿಂದ ಐದರವರೆಗೆ ಸುಮ್ಮನೆ ಕಾದರು. ಆರು ಗಂಟೆಗೆ ‘ರಾಹುಕಾಲ ಮುಗಿಯಿತು’ ಎಂದು ಹೊಸ ಗಾಡಿಯ ಪೂಜೆಗೆ ಕೂತವರು ರಾಹುಕಾಲದ ಒಳಗೇ ಕೂತರು. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ನಂಬಿಕೊಂಡು ಸಮಯ ಕೇಳುವವರಿಗೆ ಅರ್ಧ ಗಂಟೆ ತಪ್ಪಾದ ಸಮಯ ಹೇಳುವುದು ಮಾತ್ರ ಸಲ್ಲದು.

ರಾಜ್ಯದ ಒಳಗೂ ವ್ಯತ್ಯಾಸವಿದೆ. ಒಂದು ಡಿಗ್ರಿ ರೇಖಾಂಶಕ್ಕೆ 4 ನಿಮಿಷ. ಬೆಂಗಳೂರಿಗಿಂತ ಮಂಗಳೂರು ಪಶ್ಚಿಮಕ್ಕೆ ಎರಡೂಮುಕ್ಕಾಲು ಡಿಗ್ರಿ ದೂರವಿರುವುದರಿಂದ ಅಲ್ಲಿ ಎಲ್ಲವೂ 11 ನಿಮಿಷ ತಡ. ಕೋಲಾರಕ್ಕೂ ಕಾರವಾರಕ್ಕೂ 16 ನಿಮಿಷದ ಅಂತರ. ಕಿರು ವಿಡಿಯೊದಲ್ಲಿ ಮೂವತ್ತೊಂದು ಜಿಲ್ಲೆಗಳ ಪಟ್ಟಿ ಓದಲು ಆಗುವುದಿಲ್ಲ. ‘ಈ ಸಮಯ ಬೆಂಗಳೂರಿಗೆ, ಮಂಗಳೂರು, ಉಡುಪಿಯವರು ಹತ್ತು ಹನ್ನೊಂದು ನಿಮಿಷ ಸೇರಿಸಿಕೊಳ್ಳಿ’ ಎಂಬ ಒಂದು ವಾಕ್ಯ ಸಾಕಾಗುತ್ತದೆ. ಈ ತಿದ್ದುಪಡಿಯನ್ನು ತಿಥಿ, ನಕ್ಷತ್ರಗಳಿಗೆ ಸೇರಿಸಬಾರದು ಎಂಬುದನ್ನೂ ನೆನಪಿಡಬೇಕು. ಬಿದಿಗೆ ಮುಗಿಯುವ 9:11 ಕಾರವಾರಕ್ಕೂ 9:11.

ಅಭಿಜಿನ್ ಮುಹೂರ್ತದ ವಿಷಯದಲ್ಲೂ ಇದೇ ಎಡವಟ್ಟು. ಅದು ಹಗಲಿನ ಹದಿನೈದು ಮುಹೂರ್ತಗಳಲ್ಲಿ ಎಂಟನೆಯದು, ಅಂದರೆ ಸರಿಯಾಗಿ ನಡುಹಗಲಿನ ಆಚೀಚೆ. ಗಡಿಯಾರದ ಹನ್ನೆರಡೇ ನಡುಹಗಲು ಎಂದುಕೊಂಡು 11:36ರಿಂದ 12:24 ಎಂದು ವರ್ಷವಿಡೀ ಓದುವುದುಂಟು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ. ಬೆಂಗಳೂರು ಇರುವುದು 77.6ರಲ್ಲಿ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12:20ಕ್ಕೆ. ನವೆಂಬರ್ ಮೊದಲ ವಾರ 12:04ರ ಆಸುಪಾಸು, ಫೆಬ್ರುವರಿ ಮಧ್ಯದಲ್ಲಿ 12:34ರ ಆಸುಪಾಸು. ಬುಧವಾರ ಅಭಿಜಿನ್ ಹಿಡಿಯಬಾರದು ಎಂಬ ನಿಯಮವೂ ಇದೆ. ಅಂದು ಆ ಸಾಲನ್ನೇ ತೆಗೆಯಬೇಕು.

ಪಂಚಾಂಗ ಓದುವಲ್ಲಿಯೂ ಕೆಲವು ಬಲೆಗಳಿವೆ. ಸಂಪ್ರದಾಯದ ಪಂಚಾಂಗಗಳು ತಿಥಿಯ ಅಂತ್ಯವನ್ನು ಘಟಿ, ವಿಘಟಿಗಳಲ್ಲಿ ಮುದ್ರಿಸುತ್ತವೆ. ಸೂರ್ಯೋದಯದಿಂದ ಸೂರ್ಯೋದಯಕ್ಕೆ 60 ಘಟಿ. ಒಂದು ಘಟಿ 24 ನಿಮಿಷ, ಒಂದು ವಿಘಟಿ 24 ಸೆಕೆಂಡು. ಯುಗಾದಿಯ ಪಾಡ್ಯವನ್ನು ಬೆಂಗಳೂರಿನ ಸೂರ್ಯೋದಯದಿಂದ ಎಣಿಸಿದರೆ 16 ಘಟಿ 20 ವಿಘಟಿ. ಅಂಕಣದಲ್ಲಿ ‘16-20’ ಎಂದಷ್ಟೇ ಕಾಣುವ ಇದನ್ನು ಹೊಸಬರು ಗಡಿಯಾರದ 16:20 ಎಂದುಕೊಂಡು ‘ಸಂಜೆ 4:20ರವರೆಗೆ ಪಾಡ್ಯ’ ಎಂದು ಬರೆದುಬಿಡಬಹುದು. ಸರಿಯಾದ ಲೆಕ್ಕ ಹೀಗೆ: 16 ಘಟಿಗೆ 384 ನಿಮಿಷ, 20 ವಿಘಟಿಗೆ 8 ನಿಮಿಷ, ಒಟ್ಟು 392 ನಿಮಿಷ, ಅಂದರೆ 6 ಗಂಟೆ 32 ನಿಮಿಷ. ಸೂರ್ಯೋದಯದ 6:17ಕ್ಕೆ ಕೂಡಿಸಿದರೆ 12:49. ಅಂಕಣದಲ್ಲಿ 24ನ್ನು ಮೀರಿದ ಅಂಕಿ, ಉದಾಹರಣೆಗೆ 43 ಅಥವಾ 52, ಎಲ್ಲಾದರೂ ಕಂಡರೆ ಅದು ಗಂಟೆಯಲ್ಲ, ಘಟಿ ಎಂದು ತಿಳಿಯುತ್ತದೆ. ಆದರೆ ಕೆಲವು ಆ್ಯಪ್‌ಗಳು 26:32 ಎಂದು ತೋರಿಸುವುದೂ ಉಂಟು. ಅದು ಗಂಟೆಯೇ, ನಡುರಾತ್ರಿ ದಾಟಿದ ಮೇಲೂ ಎಣಿಕೆ ಮುಂದುವರಿಸಿರುತ್ತಾರೆ, 24 ಕಳೆದರೆ 2:32.

ಈ 2:32ನ್ನು ಬಾಯಲ್ಲಿ ಹೇಳುವಾಗ ಇನ್ನೊಂದು ತೊಡಕು. ಪಂಚಾಂಗಕ್ಕೆ ವಾರ ಬದಲಾಗುವುದು ಸೂರ್ಯೋದಯಕ್ಕೆ, ಮೊಬೈಲಿಗೆ ರಾತ್ರಿ ಹನ್ನೆರಡಕ್ಕೆ. ‘ಮಂಗಳವಾರ ರಾತ್ರಿ 2:32’ ಎಂದರೆ ಅಜ್ಜಿಗೆ ಒಂದು ರಾತ್ರಿ, ಮೊಮ್ಮಗನಿಗೆ ಇನ್ನೊಂದು ರಾತ್ರಿ. ‘ಇಂದು ನಡುರಾತ್ರಿ ಕಳೆದು 2 ಗಂಟೆ 32 ನಿಮಿಷದವರೆಗೆ’ ಎಂದರೆ ಇಬ್ಬರಿಗೂ ಒಂದೇ ಅರ್ಥ.

ಮೂಲ ಪಂಚಾಂಗ ಯಾವುದು ಎಂಬ ಪ್ರಶ್ನೆ ಇನ್ನೂ ಸೂಕ್ಷ್ಮ. ಕರ್ನಾಟಕದಲ್ಲಿ ಸೂರ್ಯಸಿದ್ಧಾಂತ, ಗ್ರಹಲಾಘವದಂಥ ಗ್ರಂಥಗಳ ಗಣಿತ ಅನುಸರಿಸುವವರೂ ಇದ್ದಾರೆ, ಇಂದಿನ ಖಗೋಳ ವೀಕ್ಷಣೆಗೆ ಹೊಂದುವ ದೃಗ್ಗಣಿತದವರೂ ಇದ್ದಾರೆ. ಹಳೆಯ ಪದ್ಧತಿಯಲ್ಲಿ ‘ಬಾಣವೃದ್ಧಿ ರಸಕ್ಷಯ’ ಎಂಬ ಸೂತ್ರ ಪ್ರಸಿದ್ಧ. ಬಾಣ ಎಂದರೆ ಐದು, ರಸ ಎಂದರೆ ಆರು. ತಿಥಿ 60 ಘಟಿಗಿಂತ ಹೆಚ್ಚೆಂದರೆ 5 ಘಟಿ ಬೆಳೆಯುತ್ತದೆ, 6 ಘಟಿ ಕುಗ್ಗುತ್ತದೆ. 54 ಘಟಿ ಎಂದರೆ 21 ಗಂಟೆ 36 ನಿಮಿಷ. ದೃಗ್ಗಣಿತದ ಯುಗಾದಿ ಪಾಡ್ಯವೋ 20 ಗಂಟೆ 22 ನಿಮಿಷದ್ದು. ಹಾಗಾಗಿ ಇಂಥ ದಿನಗಳಲ್ಲಿ ಎರಡು ಪದ್ಧತಿಗಳ ಸಮಯ ಹೊಂದದಿರುವುದು ಸಹಜ, ಕೆಲವೊಮ್ಮೆ ಅಂತರ ಗಂಟೆಗಳಷ್ಟಾಗುತ್ತದೆ. ಯಾವುದು ಶಾಸ್ತ್ರಸಮ್ಮತ ಎಂಬ ಚರ್ಚೆಯನ್ನು ಒಂದು ನಿಮಿಷದ ವಿಡಿಯೊ ಬಗೆಹರಿಸಬೇಕಿಲ್ಲ. ತಿಥಿಯನ್ನು ಒಂದರಿಂದ, ನಕ್ಷತ್ರವನ್ನು ಇನ್ನೊಂದರಿಂದ ಎತ್ತಿ ಕಲಸಬಾರದು, ಅಷ್ಟೆ.

ತಾಳೆ ನೋಡಲು ಆಧಾರ ಬೇಕೆಂದರೆ ರಾಷ್ಟ್ರೀಯ ಪಂಚಾಂಗವಿದೆ. ವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯ ಶಿಫಾರಸಿನಂತೆ 1957ರಿಂದ ಹೊರಬರುತ್ತಿರುವ ಇದನ್ನು ಈಗ ಕೋಲ್ಕತ್ತದ ಪೊಸಿಶನಲ್ ಆಸ್ಟ್ರಾನಮಿ ಸೆಂಟರ್ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಪ್ರಕಟಿಸುತ್ತದೆ. ಅದರ ಸೂರ್ಯೋದಯ 82.5 ಡಿಗ್ರಿ ರೇಖಾಂಶದ ಮಧ್ಯಭಾರತದ ಒಂದು ಬಿಂದುವಿಗೆ ಕೊಟ್ಟದ್ದು. ಆದ್ದರಿಂದ ತಿಥಿ, ನಕ್ಷತ್ರದ ಅಂತ್ಯವನ್ನು ಅಲ್ಲಿಂದ ನೇರವಾಗಿ ತೆಗೆದುಕೊಳ್ಳಬಹುದು, ಸೂರ್ಯೋದಯವನ್ನಲ್ಲ.

ಹೀಗೆಲ್ಲ ನೋಡಿಕೊಂಡು ಬರೆದರೆ ಮಾರ್ಚ್ 31ರ ಸ್ಕ್ರಿಪ್ಟ್ ಹೆಚ್ಚುಕಡಿಮೆ ಹೀಗಿರುತ್ತದೆ:

‘ನಮಸ್ಕಾರ. ಇಂದು 2025ನೇ ಇಸವಿ ಮಾರ್ಚ್ 31, ಸೋಮವಾರ. ವಿಶ್ವಾವಸು ಸಂವತ್ಸರ, ಉತ್ತರಾಯಣ, ವಸಂತ ಋತು, ಚೈತ್ರ ಮಾಸ, ಶುಕ್ಲ ಪಕ್ಷ. ಬಿದಿಗೆ ಬೆಳಗ್ಗೆ 9 ಗಂಟೆ 11 ನಿಮಿಷದವರೆಗೆ. ಆಮೇಲೆ ತದಿಗೆ, ನಾಳೆ ಬೆಳಗಿನ ಜಾವ 5 ಗಂಟೆ 42 ನಿಮಿಷದವರೆಗೆ. ತದಿಗೆ ಕ್ಷಯ, ನಾಳೆಯ ಸೂರ್ಯೋದಯಕ್ಕೆ ಚೌತಿ. ಅಶ್ವಿನಿ ನಕ್ಷತ್ರ ಮಧ್ಯಾಹ್ನ 1 ಗಂಟೆ 45 ನಿಮಿಷದವರೆಗೆ, ನಂತರ ಭರಣಿ. ಬೆಂಗಳೂರಿನಲ್ಲಿ ಸೂರ್ಯೋದಯ 6 ಗಂಟೆ 16 ನಿಮಿಷ, ಸೂರ್ಯಾಸ್ತ 6 ಗಂಟೆ 31 ನಿಮಿಷ. ರಾಹುಕಾಲ ಬೆಳಗ್ಗೆ 7:48ರಿಂದ 9:20. ಯಮಗಂಡ 10:52ರಿಂದ 12:24. ಗುಳಿಕ ಮಧ್ಯಾಹ್ನ 1:55ರಿಂದ 3:27. ಅಭಿಜಿನ್ ಮುಹೂರ್ತ 11:59ರಿಂದ 12:48. ಕರಾವಳಿಯವರು ಸೂರ್ಯೋದಯದಿಂದ ಈಚೆಗಿನ ಸಮಯಗಳಿಗೆ 11 ನಿಮಿಷ ಸೇರಿಸಿಕೊಳ್ಳಿ. ಆಧಾರ: ದೃಗ್ಗಣಿತ.’

ಗಮನವಿಟ್ಟು ನೋಡಿದರೆ ಇಲ್ಲೊಂದು ಪೇಚು ಕಾಣುತ್ತದೆ. ಅಭಿಜಿನ್ 11:59ಕ್ಕೆ ಶುರು, ಯಮಗಂಡ ಮುಗಿಯುವುದು 12:24ಕ್ಕೆ. ಇಪ್ಪತ್ತೈದು ನಿಮಿಷ ಒಂದರ ಮೇಲೊಂದು ಕೂತಿವೆ. ಇದು ಬರೆದವರ ತಪ್ಪಲ್ಲ. ಸೋಮವಾರದ ಯಮಗಂಡ ಎಂಟರಲ್ಲಿ ನಾಲ್ಕನೆಯ ಪಾಲಾದ್ದರಿಂದ ಅದು ಮುಗಿಯುವುದು ನಡುಹಗಲಿಗೇ; ಅಭಿಜಿನ್‌ನ ಮೊದಲರ್ಧ ಪ್ರತಿ ಸೋಮವಾರವೂ ಅದರೊಳಗೆ ಬೀಳುತ್ತದೆ. ಎರಡನ್ನೂ ಕೇಳಿದವರು ಯಾವುದನ್ನು ಹಿಡಿಯಬೇಕೆಂದು ಕೇಳುವುದು ಖಂಡಿತ. ಎಚ್ಚರದ ಬರಹಗಾರ ‘12:24ರ ನಂತರದ ಅಭಿಜಿನ್’ ಎಂದು ಬೆರಳಿಟ್ಟು ತೋರಿಸುತ್ತಾನೆ. ಮದುವೆ, ಉಪನಯನ, ಗೃಹಪ್ರವೇಶದ ಮುಹೂರ್ತವನ್ನು ಮಾತ್ರ ಇಲ್ಲಿ ಹೇಳಲಾಗದು. ಅದಕ್ಕೆ ಲಗ್ನಶುದ್ಧಿ ಬೇಕು, ಆಯಾ ವ್ಯಕ್ತಿಯ ಜನ್ಮನಕ್ಷತ್ರದಿಂದ ತಾರಾಬಲ, ಚಂದ್ರಬಲ ನೋಡಬೇಕು. ‘ಇಂದು ಎಲ್ಲರಿಗೂ ಶುಭ’ ಎಂಬ ಸಾಲಿಗೆ ಪಂಚಾಂಗದಲ್ಲಿ ಆಧಾರವಿಲ್ಲ.

ಹಬ್ಬಗಳನ್ನು ಹೇಳುವಾಗ ಉದಯ ತಿಥಿಯನ್ನೇ ನಂಬಿದರೂ ಪೆಟ್ಟು ಬೀಳುತ್ತದೆ. 2025ರ ಫೆಬ್ರುವರಿ 26ರ ಸೂರ್ಯೋದಯಕ್ಕೆ ಇದ್ದದ್ದು ತ್ರಯೋದಶಿ. ಚತುರ್ದಶಿ ಬಂದದ್ದು ಬೆಳಗ್ಗೆ 11:08ಕ್ಕೆ. ಆದರೂ ಶಿವರಾತ್ರಿ ಅಂದೇ, ಏಕೆಂದರೆ ಅದಕ್ಕೆ ನಡುರಾತ್ರಿ ಚತುರ್ದಶಿ ಇರಬೇಕು. ಗಣೇಶನ ಹಬ್ಬಕ್ಕೂ ರಾಮನವಮಿಗೂ ಮಧ್ಯಾಹ್ನದ ತಿಥಿ, ಸಂಕಷ್ಟಹರ ಚತುರ್ಥಿಗೆ ಚಂದ್ರೋದಯದ ತಿಥಿ. ಏಕಾದಶಿಯಲ್ಲಿ ಸ್ಮಾರ್ತರು, ವೈಷ್ಣವರು ಬೇರೆ ಬೇರೆ ದಿನ ಉಪವಾಸ ಮಾಡುವುದೂ ಉಂಟು. ಸೂರ್ಯೋದಯಕ್ಕೆ ನಾಲ್ಕು ಘಟಿ ಮೊದಲಿನ ಅರುಣೋದಯಕ್ಕೆ ದಶಮಿ ಇದ್ದರೆ ವೈಷ್ಣವರು ಅಂದು ಉಪವಾಸ ಇರುವುದಿಲ್ಲ. ಅಂಥ ದಿನ ‘ಇಂದು ಸ್ಮಾರ್ತ ಏಕಾದಶಿ’ ಎಂದು ಬಿಡಿಸಿ ಹೇಳಬೇಕು.

ಇನ್ನು ವಿಡಿಯೊ ಮಾಧ್ಯಮದ್ದೇ ಒಂದು ಸಮಸ್ಯೆ. ಸೋಮವಾರದ ವಿಡಿಯೊವನ್ನು ಭಾನುವಾರ ರಾತ್ರಿ ಹಾಕುತ್ತಾರೆ, ಮೊಬೈಲು ಅದನ್ನು ಒಬ್ಬರಿಗೆ ಗುರುವಾರ ತೋರಿಸುತ್ತದೆ. ‘ಇಂದು’ ಎಂಬ ಮಾತು ಆಗ ಮೋಸ ಮಾಡುತ್ತದೆ. ತಾರೀಕು ಮತ್ತು ವಾರ ಮೊದಲ ವಾಕ್ಯದಲ್ಲೇ ಬರಬೇಕು, ವಿಡಿಯೊ ಮುಗಿಯುವವರೆಗೂ ಪರದೆಯ ಮೇಲಿರಬೇಕು. ನಿನ್ನೆಯ ಕಡತದ ಮೇಲೆಯೇ ಇವತ್ತಿನದ್ದನ್ನು ಬರೆಯುವವರಿಗೆ ದನಿಯಲ್ಲಿ ಭರಣಿ, ಪರದೆಯಲ್ಲಿ ಅಶ್ವಿನಿ ಉಳಿದುಬಿಡುವ ಅಪಾಯ ಸದಾ ಇದ್ದೇ ಇದೆ. ಹೊರಬಿಡುವ ಮೊದಲು ದನಿ ಮುಚ್ಚಿ ಒಮ್ಮೆ ಪರದೆಯನ್ನು, ಪರದೆ ಮುಚ್ಚಿ ಒಮ್ಮೆ ದನಿಯನ್ನು ಮೂಲ ಪಂಚಾಂಗದ ಜೊತೆ ತಾಳೆ ನೋಡಿದರೆ ಇಂಥದ್ದು ಉಳಿಯುವುದಿಲ್ಲ.

ನೋಡುವವರೂ ಎರಡು ಪ್ರಶ್ನೆ ಕೇಳುವ ಅಭ್ಯಾಸ ಇಟ್ಟುಕೊಳ್ಳಲಿ: ಈ ಸಮಯ ಯಾವ ಊರಿನದ್ದು, ಯಾವ ಪಂಚಾಂಗದ್ದು? ಎರಡಕ್ಕೂ ಉತ್ತರ ಹೇಳದ ವಿಡಿಯೊದ ರಾಹುಕಾಲ ನಂಬಿ ಕೆಲಸ ಮುಂದೂಡುವ ಮೊದಲು, ನಿಮ್ಮ ಊರಿನ ಸೂರ್ಯೋದಯ, ಸೂರ್ಯಾಸ್ತ ನೋಡಿಕೊಂಡು ಹಗಲನ್ನು ನೀವೇ ಎಂಟು ಪಾಲು ಮಾಡಿ ನೋಡಿ.